ಚಾಕುವಿಗೆ ಸಿಗದ ಸತು

ಮಳೆಗಾಲಕ್ಕೆ ಮುಂಚೆ ಸೊರಬದ ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣ ಕಲಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನುಹತ್ತಿದ ಕಾಲದಿಂದಲೂ ಈ ಔಷಧಿ ಮಲೆನಾಡಿನ ತೋಟಗಳಲ್ಲಿದೆ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಉಜ್ಜಿ ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದುತ್ತಾರೆ. ಅಲಗಿಗೆ ಕೆಂಪು ಬಣ್ಣ ಹತ್ತಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಸುಣ್ಣ ಸಾಲದು ಎಂದರ್ಥ. ಆಗ ಇನ್ನಷ್ಟು ಸುಣ್ಣದ ಹಾಲು ಬೀಳುತ್ತದೆ.

ಅದೇ ಮನೆಯವರ ಭತ್ತದ ಗದ್ದೆಯಲ್ಲಿ ನಾಟಿಯಾದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣಿಸಿ, ಪೈರು ಕುಳ್ಳಾಗಿ ನಿಂತರೆ ಅದು ಸತುವಿನ ಕೊರತೆ ಇರಬಹುದು. 1966ರಲ್ಲಿ ಪಂತನಗರದ ವೈ.ಎಲ್. ನೆನೆ ಇದನ್ನು ಗುರುತಿಸಿದರು, ಉತ್ತರದವರು ಇದಕ್ಕೆ ಖೈರಾ ರೋಗ ಎನ್ನುತ್ತಾರೆ. ಎಲೆಗೆ ಸಿಂಪಡಿಸಲು ಸಾಮಾನ್ಯವಾಗಿ ಹೇಳುವ ಪ್ರಮಾಣ ಇದು: ನೂರು ಲೀಟರ್ ನೀರಿಗೆ ಅರ್ಧ ಕಿಲೋ ಜಿಂಕ್ ಸಲ್ಫೇಟ್, ಕಾಲು ಕಿಲೋ ಸುಣ್ಣ. ನೋಡಲು ಬೋರ್ಡೋದ ತಮ್ಮನಂತಿದೆ. ಆದರೆ ಚಾಕು ಇಲ್ಲಿ ಕೆಲಸಕ್ಕೆ ಬಾರದು. ತಾಮ್ರಕ್ಕಿಂತ ಕಬ್ಬಿಣ ಚುರುಕು, ಹಾಗಾಗಿ ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳಿ ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ. ಸತುವೋ ಕಬ್ಬಿಣಕ್ಕಿಂತಲೂ ಚುರುಕು. ಎಷ್ಟೇ ಸತು ಕರಗಿಕೊಂಡಿದ್ದರೂ ಅಲಗು ಹಾಕಿದ ಹಾಗೇ ಹೊರಬರುತ್ತದೆ.

ಹಾಗಾದರೆ ಡ್ರಮ್ಮಿನಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ? ರಸಾಯನಶಾಸ್ತ್ರದವರು ಇದಕ್ಕೊಂದು ನಕ್ಷೆ ಬರೆಯುತ್ತಾರೆ. ಅಡ್ಡಗೆರೆಯ ಮೇಲೆ ರಸಸಾರ, ಅಂದರೆ pH. ನಿಂತ ಗೆರೆಯ ಮೇಲೆ ನೀರಿನಲ್ಲಿ ಕರಗಿ ಉಳಿಯಬಲ್ಲ ಸತುವಿನ ಪ್ರಮಾಣ, ಮನೆಯೊಂದಕ್ಕೆ ಹತ್ತು ಪಟ್ಟಿನ ಲೆಕ್ಕದಲ್ಲಿ. ಹೀಗೆ ಬರೆದರೆ ಗೆರೆ ಅಗಲ ತಳದ ಬೋಗುಣಿಯ ಆಕಾರದಲ್ಲಿ ಎಡದಿಂದ ಇಳಿದು, ತಳದಲ್ಲಿ ಸ್ವಲ್ಪ ದೂರ ಸಪಾಟಾಗಿ ಸಾಗಿ, ಬಲಕ್ಕೆ ಏರುತ್ತದೆ.

ಎಡಗಡೆಯ ಇಳಿಜಾರು ಬಹಳ ಕಡಿದು. ಸತುವಿನ ಹೈಡ್ರಾಕ್ಸೈಡ್ ಒಂದು ಕರಗಬೇಕಾದರೆ ಎರಡು ಹೈಡ್ರೋಜನ್ ಅಯಾನುಗಳು ಬೇಕು. ಹಾಗಾಗಿ ರಸಸಾರ ಒಂದು ಅಂಕ ಏರಿದರೆ ಕರಗಿದ ಸತು ನೂರನೇ ಒಂದು ಪಾಲಿಗೆ ಇಳಿಯುತ್ತದೆ. 7ರಲ್ಲಿ ಲೀಟರಿಗೆ ಸುಮಾರು 200 ಮಿಲಿಗ್ರಾಂ ಕರಗಬಹುದು, 8ರಲ್ಲಿ ಎರಡೂವರೆಯಷ್ಟು ಮಾತ್ರ. 9 ದಾಟಿದ ಮೇಲೆ ಇಳಿಯುವುದಕ್ಕೆ ಏನೂ ಉಳಿದಿರುವುದಿಲ್ಲ. ವಿದ್ಯುದಾವೇಶವಿಲ್ಲದ Zn(OH)₂ ಅಣು ತಾನೇ ಒಂದಿಷ್ಟು ಕರಗಿರುತ್ತದೆ, ಅದಕ್ಕೆ ರಸಸಾರದ ಹಂಗಿಲ್ಲ. ಲೀಟರಿಗೆ ಸುಮಾರು 0.3 ಮಿಲಿಗ್ರಾಂ, ಅದೇ ತಳ. 9ರಿಂದ 10.5ರವರೆಗೆ, ಹೆಚ್ಚುಕಡಿಮೆ 11ರವರೆಗೂ ಗೆರೆ ಹಾಗೇ ಮಲಗಿರುತ್ತದೆ. ಆಮೇಲೆ ಸತುವಿನ ಇನ್ನೊಂದು ಮುಖ ಕಾಣಿಸಿಕೊಳ್ಳುತ್ತದೆ. ಆಮ್ಲದ ಎದುರು ಕ್ಷಾರದಂತೆ ನಡೆದುಕೊಂಡದ್ದು ಕ್ಷಾರದ ಎದುರು ಆಮ್ಲದಂತೆ ನಡೆದುಕೊಂಡು, ಇನ್ನೊಂದೆರಡು ಹೈಡ್ರಾಕ್ಸಿಲ್‌ಗಳನ್ನು ಅಂಟಿಸಿಕೊಂಡು, ಜಿಂಕೇಟ್ ಆಗಿ ಮತ್ತೆ ಕರಗತೊಡಗುತ್ತದೆ. ಉಭಯಧರ್ಮಿ ಎನ್ನುವುದು ಇದಕ್ಕೇ. ಪುಸ್ತಕದಿಂದ ಪುಸ್ತಕಕ್ಕೆ ಈ ಅಂಕಿಗಳು ಕೊಂಚ ಹಿಂದುಮುಂದಾಗುತ್ತವೆ. ಆಗಷ್ಟೇ ಗರಣೆಗಟ್ಟಿದ ಹೈಡ್ರಾಕ್ಸೈಡ್ ಹೆಚ್ಚು ಕರಗುತ್ತದೆ, ಹರಳುಗಟ್ಟಿದ್ದು ಕಡಿಮೆ. ಆಕಾರ ಮಾತ್ರ ಬದಲಾಗುವುದಿಲ್ಲ.

ಈಗ 200 ಲೀಟರಿನ ಡ್ರಮ್ಮಿಗೆ ಬರೋಣ. ಒಂದು ಕಿಲೋ ಜಿಂಕ್ ಸಲ್ಫೇಟ್ ಹಾಕಿದರೆ ಅದರಲ್ಲಿ ಸತು ಇರುವುದು ಸುಮಾರು 227 ಗ್ರಾಂ, ಉಳಿದದ್ದು ಸಲ್ಫೇಟ್ ಮತ್ತು ಹರಳಿನೊಳಗಿನ ನೀರು. ತಿಳಿ ದ್ರಾವಣ ಸ್ವಲ್ಪ ಹುಳಿ, ಹೀಗೇ ಎಲೆಗೆ ಬಿದ್ದರೆ ಸುಡಬಹುದು. ಸುಣ್ಣದ ಹಾಲು ಬೀಳುತ್ತಿದ್ದಂತೆ, ರಸಸಾರ ಆರೂವರೆ ದಾಟುವಾಗ ನೀರು ಬೆಳ್ಳಗೆ ಕದಡುತ್ತದೆ. ಅಲ್ಲಿಂದ ಎಷ್ಟು ಸುಣ್ಣ ಹಾಕಿದರೂ ಬಹಳ ಹೊತ್ತು ರಸಸಾರ ಜಗ್ಗುವುದಿಲ್ಲ, ಹಾಕಿದ್ದನ್ನೆಲ್ಲ ಸತು ನುಂಗುತ್ತಿರುತ್ತದೆ. ಲೆಕ್ಕದ ಪ್ರಕಾರ ಸುಮಾರು 260 ಗ್ರಾಂ ಒಳ್ಳೆಯ ಅರಳಿದ ಸುಣ್ಣಕ್ಕೆ ಸತುವಿನ ಹಸಿವು ತೀರುತ್ತದೆ. ಆಮೇಲೆ ಇನ್ನು ಹತ್ತೇ ಗ್ರಾಂ ಬಿದ್ದರೂ ರಸಸಾರ ಒಮ್ಮೆಲೇ 11ಕ್ಕೆ ಹಾರುತ್ತದೆ.

ಶಿಫಾರಸು ಮಾಡಿದ ಸುಣ್ಣ ಅರ್ಧ ಕಿಲೋ, ಬೇಕಾದದ್ದರ ಹತ್ತಿರ ಹತ್ತಿರ ಇಮ್ಮಡಿ. ಇದು ತಪ್ಪಲ್ಲ. ಅಂಗಡಿಯ ಸುಣ್ಣದಲ್ಲಿ ಎಷ್ಟೋ ಪಾಲು ಗಾಳಿ ತಾಗಿ ಕಾರ್ಬೊನೇಟ್ ಆಗಿರುತ್ತದೆ. ಪೂರ್ತಿ ಶುದ್ಧವಾಗಿದ್ದರೂ ಭಯವಿಲ್ಲ. ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ, ಎಷ್ಟು ಸುರಿದರೂ ರಸಸಾರ 12.4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಲಿ ಕರಗುವ ಸತು ಲೀಟರಿಗೆ ಎರಡು ಮೂರು ಮಿಲಿಗ್ರಾಂ. ಇಡೀ ಡ್ರಮ್ಮಿಗೆ ಅರ್ಧ ಗ್ರಾಂ ಆಯಿತು, 227ರಲ್ಲಿ ಅರ್ಧ! ಬೋಗುಣಿಯ ಬಲದ ಗೋಡೆ ಹತ್ತಲು ಸುಣ್ಣಕ್ಕೆ ಶಕ್ತಿ ಸಾಲದು. ಕಾಸ್ಟಿಕ್ ಸೋಡಾಗೆ ಆ ಶಕ್ತಿ ಇದೆ. ಪಿಯುಸಿ ಪ್ರಯೋಗಾಲಯದಲ್ಲಿ ಲವಣ ಪರೀಕ್ಷೆ ಮಾಡಿದವರು ನೋಡಿರುತ್ತಾರೆ: ಒಂದೆರಡು ಹನಿಗೆ ಬಿಳಿ ಗರಣೆ, ಇನ್ನಷ್ಟು ಹಾಕಿದರೆ ತಿಳಿನೀರು. ರಸಸಾರ 13ರಲ್ಲಿ ಲೀಟರಿಗೆ 20 ಮಿಲಿಗ್ರಾಂ ದಾಟುತ್ತದೆ, 14ರಲ್ಲಿ ಗ್ರಾಂ ಲೆಕ್ಕ.

ಅಂದರೆ ಪಂಪಿನಿಂದ ಎಲೆಗೆ ಬೀಳುತ್ತಿರುವುದು ಕರಗಿದ ಸತುವಲ್ಲ, ಬಿಳಿ ಗಸಿ. ಇಬ್ಬನಿ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಎಲೆಯ ಮೇಲಿನ ಹೆಚ್ಚುವರಿ ಸುಣ್ಣವನ್ನು ಸಾಯಿಸುತ್ತವೆ, ರಸಸಾರ ಮೆಲ್ಲಗೆ ಇಳಿಯುತ್ತದೆ, ಆಗ ಸತು ಚೂರುಚೂರೇ ಎಲೆಗೆ ಸಿಗುತ್ತದೆ. ಆದ್ದರಿಂದ ಡ್ರಮ್ಮನ್ನು ಕಲಕುತ್ತಲೇ ಇರಬೇಕು. ತಳಕ್ಕೆ ಗಸಿ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಹೊಡೆದವರು ಬರೀ ಸುಣ್ಣದ ನೀರು ಹೊಡೆದಂತೆ. ಸುಣ್ಣದ ಹಾಲನ್ನು ಬಟ್ಟೆಯಲ್ಲಿ ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುವುದು ಬೇರೆ ತಾಪತ್ರಯ.

ಗದ್ದೆಯ ಮಣ್ಣಿಗೆ ಇದೇ ನಕ್ಷೆಯನ್ನು ಹಾಗೇ ಹಿಡಿದರೆ ಮೋಸಹೋಗುತ್ತೇವೆ. ಸೊರಬ, ಶಿಕಾರಿಪುರದ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ರಸಸಾರ 5.5ರಲ್ಲಿ ಸತುವಿನ ಹೈಡ್ರಾಕ್ಸೈಡ್ ಸಕ್ಕರೆಯಷ್ಟು ಸಲೀಸಾಗಿ ಕರಗಬೇಕು, ಕೊರತೆಯೇ ಬರಬಾರದು. ಆದರೆ ಮಣ್ಣಿನಲ್ಲಿ ಸತುವನ್ನು ಹಿಡಿದಿಡುವುದು ಹೈಡ್ರಾಕ್ಸೈಡ್ ಅಲ್ಲ. ಜೇಡಿಯ ಕಣ, ಕಬ್ಬಿಣದ ಆಕ್ಸೈಡು, ಸಾವಯವ ಅಂಶಗಳು ಅದಕ್ಕಿಂತ ಎಷ್ಟೋ ಬಿಗಿಯಾಗಿ ಹಿಡಿಯುತ್ತವೆ. ಅಮೆರಿಕದ ಮಣ್ಣು ವಿಜ್ಞಾನಿ ಲಿಂಡ್ಸೆ 1979ರ ತಮ್ಮ ಪುಸ್ತಕದಲ್ಲಿ ಕೊಟ್ಟಿರುವ ಮಣ್ಣಿನ ಸತುವಿನ ಗೆರೆ ಇದಕ್ಕಿಂತ ತುಂಬಾ ಕೆಳಗಿದೆ. ಇಳಿಜಾರು ಮಾತ್ರ ಅದೇ, ಅಂಕಕ್ಕೆ ನೂರು ಪಟ್ಟು. ನೀರು ಕಟ್ಟಿದ ಹುಳಿ ಗದ್ದೆಯ ರಸಸಾರ ಕೆಲವು ವಾರಗಳಲ್ಲಿ ತಾನಾಗಿಯೇ 7ರ ಕಡೆಗೆ ಏರುತ್ತದೆ. 5.5ರಿಂದ 6.8ಕ್ಕೆ ಏರಿದರೆ ಅಯಾನು ರೂಪದ ಸತು ಲೆಕ್ಕದಲ್ಲಿ ಸುಮಾರು 400 ಪಟ್ಟು ಕುಗ್ಗುತ್ತದೆ. ತುಕ್ಕಿನ ಚುಕ್ಕೆ ನಾಟಿಯ ದಿನ ಕಾಣದೆ ಎರಡು ಮೂರು ವಾರ ಬಿಟ್ಟು ಕಾಣಿಸುವುದಕ್ಕೆ ಇದೂ ಒಂದು ಕಾರಣ. ಮಣ್ಣಿನ ಹುಳಿ ಕಳೆಯಲೆಂದು ಸುಣ್ಣ ಎರಚಿ, ಅದರ ಜೊತೆಗೇ ಜಿಂಕ್ ಸಲ್ಫೇಟ್ ಬೆರೆಸಿ ಹಾಕುವುದು ನನಗಂತೂ ದುಡ್ಡು ಹೂಳುವ ಕೆಲಸವಾಗಿ ಕಾಣುತ್ತದೆ. ಎರಡರ ನಡುವೆ ಕೆಲವು ವಾರಗಳ ಅಂತರ ಇರಲಿ.

ಡ್ರಮ್ಮಿನ ಕೆಲಸಕ್ಕೆ ಚಾಕುವಿನ ಬದಲು ಪಿಎಚ್ ಕಾಗದದ ಸುರುಳಿ ಸಾಕು, ಕೃಷಿ ಸಾಮಗ್ರಿಯ ಬೆಲೆಯ ಮುಂದೆ ಅದರದ್ದೇನೂ ದೊಡ್ಡದಲ್ಲ. 9ರ ಬಣ್ಣ ದಾಟಿದ್ದರೆ ಸತುವೆಲ್ಲ ಗರಣೆಗಟ್ಟಿದೆ. 7ರ ಬಣ್ಣ ತೋರಿಸಿದರೆ ಸುಣ್ಣ ಹಳಸಿದೆ, ಇನ್ನೊಂದಿಷ್ಟು ಬೇಕು. ಕಲಸಿದ್ದನ್ನು ಬೋರ್ಡೋದಂತೆ ಅದೇ ದಿನ ಮುಗಿಸಬೇಕು. ನಾಳೆಗೆ ಉಳಿದ ಗರಣೆ ಗಟ್ಟಿಯಾಗುತ್ತಾ, ಗೆರೆಯ ಕೆಳಕ್ಕೆ ಜಾರುತ್ತಾ, ಎಲೆಗೆ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ.