12 ಜಿಬಿ ಫೋಟೊ, ಒಂದು ವಿಡಿಯೊ ಕಾಲ್

‘ದೊಡ್ಡ ಡೌನ್‌ಲೋಡ್, ಕ್ಲೌಡ್ ಸಿಂಕ್ ಕೆಲಸಗಳನ್ನು ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಮಾಡಬೇಡಿ’ ಎಂದು ಕಚೇರಿಯಿಂದ ಸೂಚನೆ ಬಂದಾಗ ಸಿಬ್ಬಂದಿಗೆ ಒಂದು ಅನುಮಾನ ಬರುವುದು ಸಹಜ. ಕಚೇರಿಯಲ್ಲಿ 100 ಎಂಬಿಪಿಎಸ್ ಲೈನ್ ಇದೆ. ಒಂದು ವಿಡಿಯೊ ಕಾಲ್‌ಗೆ 4 ಎಂಬಿಪಿಎಸ್ ಸಿಕ್ಕರೆ ಧಾರಾಳವಾಯಿತು. ಹೀಗಿರುವಾಗ ಒಬ್ಬರು ಫೋಟೊ ಏರಿಸಿದರೆ ಇನ್ನೊಬ್ಬರ ಮಾತು ತುಂಡುತುಂಡಾಗುವುದು ಯಾಕೆ?

ಹದಿನಾರು ಮಂದಿ ಇರುವ, ಕಟ್ಟಡಗಳ ವಿನ್ಯಾಸ ಮಾಡುವ ಒಂದು ಕಚೇರಿಯನ್ನು ಊಹಿಸಿಕೊಳ್ಳೋಣ. ಅಲ್ಲಿನ ಲೈನ್ ಇಳಿಸಲು 100 ಎಂಬಿಪಿಎಸ್, ಏರಿಸಲು 20 ಎಂಬಿಪಿಎಸ್. ಸೈಟಿಗೆ ಹೋಗಿಬಂದ ಎಂಜಿನಿಯರ್ ಬೆಳಿಗ್ಗೆ ಹತ್ತೂವರೆಗೆ 12 ಜಿಬಿ ಫೋಟೊಗಳನ್ನು ಒನ್‌ಡ್ರೈವ್ ಫೋಲ್ಡರ್‌ಗೆ ಹಾಕುತ್ತಾರೆ. ಫೈಲನ್ನು ಅಳೆಯುವುದು ಬೈಟ್‌ನಲ್ಲಿ, ಲೈನನ್ನು ಅಳೆಯುವುದು ಬಿಟ್‌ನಲ್ಲಿ. ಒಂದು ಬೈಟ್ ಎಂದರೆ 8 ಬಿಟ್. ಲೆಕ್ಕ ಹಾಕಿದರೆ, ಲೈನ್ ಪೂರ್ತಿ ಇದಕ್ಕೇ ಸಿಕ್ಕಿದರೂ ಫೋಟೊಗಳು ಹೋಗಿ ಮುಗಿಯಲು 4,800 ಸೆಕೆಂಡ್, ಅಂದರೆ 80 ನಿಮಿಷ ಬೇಕು.

ಆ 80 ನಿಮಿಷ ರೂಟರ್‌ನೊಳಗೆ ನಡೆಯುವುದನ್ನು ಗಮನಿಸಬೇಕು. ಕಳಿಸುವ ಕಂಪ್ಯೂಟರ್ ತನ್ನ ವೇಗವನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಸಾಮಾನ್ಯವಾಗಿ ಅದು ವೇಗ ತಗ್ಗಿಸುವುದು ದಾರಿಯಲ್ಲಿ ಎಲ್ಲಾದರೂ ಪ್ಯಾಕೆಟ್ ಕಳೆದುಹೋದಾಗ. ಆದರೆ ರೂಟರ್ ಪ್ಯಾಕೆಟ್‌ಗಳನ್ನು ಬೇಗ ಕೈಬಿಡುವುದಿಲ್ಲ, ತನ್ನ ನೆನಪಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಆ ಸಾಲು 1 ಎಂಬಿಯಷ್ಟು ಬೆಳೆದರೆ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಪಕ್ಕದ ಕೋಣೆಯಲ್ಲಿ ಗ್ರಾಹಕರೊಂದಿಗೆ ಮಾತಾಡುತ್ತಿರುವವರ ದನಿಯ ಪುಟ್ಟ ಪ್ಯಾಕೆಟ್ ಕೂಡ ಇದೇ ಸಾಲಿನ ಕೊನೆಗೆ ನಿಲ್ಲಬೇಕು. ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 0.15 ಸೆಕೆಂಡ್ ಮೀರಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದ ಶಿಫಾರಸು ಹೇಳುತ್ತದೆ. ಇಲ್ಲಿ ರೂಟರ್ ದಾಟುವಷ್ಟರಲ್ಲೇ ಅದರ ಎರಡು ಪಟ್ಟಿಗೂ ಹೆಚ್ಚು ಹೊತ್ತು ಕಳೆದಿರುತ್ತದೆ. ವೆಬ್‌ಪುಟಗಳೂ ನಿಧಾನವಾಗುತ್ತವೆ, ಏಕೆಂದರೆ ‘ತಲುಪಿತು, ಮುಂದಿನದು ಕಳಿಸು’ ಎಂಬ ಉತ್ತರವೂ ಆ ಸಾಲಿನಲ್ಲೇ ಹೊರಡಬೇಕು. ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ 2010ರ ಸುಮಾರಿಗೆ ಮನೆಯಿಂದ ದೊಡ್ಡ ಫೈಲುಗಳನ್ನು ಕಳಿಸುವಾಗ ಈ ತೊಂದರೆಯ ಬೆನ್ನುಹತ್ತಿದರು. ಇದಕ್ಕೆ ‘ಬಫರ್‌ಬ್ಲೋಟ್’ ಎಂಬ ಹೆಸರು ಬಳಕೆಗೆ ಬಂದದ್ದು ಆಗಲೇ.

ತಮ್ಮ ಕಚೇರಿಯ ತೊಂದರೆಯೂ ಇದೇನಾ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಟೈಪ್ ಮಾಡಬೇಕು:

```
ping -n 30 8.8.8.8
```

ಬೆಳಿಗ್ಗೆ ಬೇಗ, ಲೈನ್ ಬಿಡುವಾಗಿದ್ದಾಗ 20 `ms` ಆಸುಪಾಸು ಇರುವ ಅಂಕಿ, ದೊಡ್ಡ ಅಪ್‌ಲೋಡ್ ನಡೆಯುವಾಗ 300, 400ಕ್ಕೆ ಏರಿದರೆ ಸಾಲು ಬೆಳೆದಿದೆ ಎಂದು ತಿಳಿಯಬೇಕು. ಆದರೆ `8.8.8.8` ಬದಲು ಕಚೇರಿಯ ರೂಟರ್ ವಿಳಾಸ ಕೊಟ್ಟಾಗಲೂ ಅಂಕಿ ಹೀಗೇ ಏರಿಳಿದರೆ ತಪ್ಪು ಬಹುಶಃ ವೈಫೈನದು. ಆಗ ಇಂಥ ಸೂಚನೆಯಿಂದ ಹೆಚ್ಚೇನೂ ಪ್ರಯೋಜನವಾಗದು.

ಕತೆ ಅಪ್‌ಲೋಡ್‌ಗೇ ಮುಗಿಯುವುದಿಲ್ಲ. ಆ ಫೋಲ್ಡರ್ ಎಲ್ಲರಿಗೂ ಹಂಚಿದ್ದಾದರೆ ಉಳಿದ 15 ಕಂಪ್ಯೂಟರ್‌ಗಳು ಅದೇ 12 ಜಿಬಿಯನ್ನು ಒಂದೊಂದು ಪ್ರತಿಯಾಗಿ ಇಳಿಸಿಕೊಳ್ಳತೊಡಗುತ್ತವೆ. ಒಟ್ಟು 180 ಜಿಬಿ, 100 ಎಂಬಿಪಿಎಸ್ ಲೈನಿಗೆ ನಾಲ್ಕು ಗಂಟೆಯ ಕೆಲಸ. ಹೀಗಾಗಿ ಸೂಚನೆಯಲ್ಲಿ ಸಮಯದ ಜೊತೆಗೆ ಒನ್‌ಡ್ರೈವ್‌ನ `Files On-Demand` ಬಗ್ಗೆಯೂ ಒಂದು ಮಾತು ಬರೆಯಲೇಬೇಕು. ಅದು ಚಾಲೂ ಇದ್ದರೆ ಫೈಲಿನ ಹೆಸರು ಎಲ್ಲರ ಪರದೆಯಲ್ಲೂ ಕಾಣುತ್ತದೆ; ಫೈಲು ಇಳಿಯುವುದು ತೆರೆದವರ ಕಂಪ್ಯೂಟರ್‌ಗೆ ಮಾತ್ರ.

ಸಿಂಕ್ ಅನ್ನು ಮುಂದೂಡುವುದು ಸುಲಭ. ಗಡಿಯಾರದ ಪಕ್ಕದ ಮೋಡದ ಚಿಹ್ನೆ ಒತ್ತಿ `Pause syncing` ಆರಿಸಿದರೆ 2, 8 ಅಥವಾ 24 ಗಂಟೆ ತಡೆಹಿಡಿಯಬಹುದು. ಬೆಳಿಗ್ಗೆ ಹತ್ತಕ್ಕೆ 8 ಗಂಟೆ ಕೊಟ್ಟರೆ ಸಂಜೆ ಆರಕ್ಕೆ ತಾನಾಗಿ ಶುರುವಾಗುತ್ತದೆ. ಒಂದು ಎಚ್ಚರಿಕೆ: ಅಷ್ಟು ಹೊತ್ತು ಸಹೋದ್ಯೋಗಿಗಳು ಮಾಡಿದ ತಿದ್ದುಪಡಿಗಳೂ ಈ ಕಂಪ್ಯೂಟರ್‌ಗೆ ಬರುವುದಿಲ್ಲ. ದಿನವಿಡೀ ಒಂದೇ ಫೈಲಿನ ಮೇಲೆ ಹಲವರು ಕೆಲಸ ಮಾಡುವ ಕಡೆ ಸಿಂಕ್ ನಿಲ್ಲಿಸುವುದಕ್ಕಿಂತ ಸೆಟ್ಟಿಂಗ್ಸ್‌ನಲ್ಲಿ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವುದೇ ಸರಿ.

ವಿಂಡೋಸ್ ಅಪ್‌ಡೇಟ್ ವಿಷಯದಲ್ಲಿ ಹಲವರು ಎಡವುತ್ತಾರೆ. `Active hours` ತುಂಬಿಸಿದರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗದು, ಅಷ್ಟೇ. ಡೌನ್‌ಲೋಡ್ ನಡೆಯುತ್ತಲೇ ಇರುತ್ತದೆ. ಅದರ ವೇಗಕ್ಕೆ ಮಿತಿ ಹಾಕುವ ಜಾಗ `Delivery Optimization`. ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಕಚೇರಿಯೊಳಗಿನ ಇತರ ಕಂಪ್ಯೂಟರ್‌ಗಳು ಅದರಿಂದಲೇ ಪಡೆಯುವಂತೆ ಮಾಡುವ ಆಯ್ಕೆಯೂ ಅಲ್ಲೇ ಇದೆ.

ಇಷ್ಟೆಲ್ಲ ಮಾಡಿ, ಸಂಜೆ ಲ್ಯಾಪ್‌ಟಾಪ್ ಮಡಚಿಟ್ಟು ಮನೆಗೆ ಹೋದರೆ ಅದು ನಿದ್ರೆಗೆ ಜಾರುತ್ತದೆ, ಸಿಂಕ್ ನಿಲ್ಲುತ್ತದೆ. ಮರುದಿನ ಹತ್ತಕ್ಕೆ ಮುಚ್ಚಳ ತೆರೆದಾಗ ಬಾಕಿ ಉಳಿದ 12 ಜಿಬಿ ಮತ್ತೆ ಹೊರಡುತ್ತದೆ. ರಾತ್ರಿ ಕೆಲಸಕ್ಕೆ ಬಿಟ್ಟ ಯಂತ್ರವನ್ನು ಚಾರ್ಜರ್‌ಗೆ ಸಿಕ್ಕಿಸಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಆಗದಂತೆ ಮಾಡಿ, ಮುಚ್ಚಳ ತೆರೆದೇ ಇಡಬೇಕು ಎಂಬುದನ್ನು ಸೂಚನೆಯಲ್ಲೇ ಬರೆಯಬೇಕು. ಜೊತೆಗೆ, ಟೆಂಡರ್ ಫೈಲನ್ನು ಮಧ್ಯಾಹ್ನ ಮೂರಕ್ಕೇ ಕಳಿಸಬೇಕಾಗಿ ಬಂದವರು ಯಾರಿಗೆ ತಿಳಿಸಬೇಕು ಎಂಬುದನ್ನೂ.