ಕಾಂಕ್ರೀಟಿಗೆ ಭಾನುವಾರದ ರಜೆ ಇಲ್ಲ

ಮನೆ ಕಟ್ಟಿಸುವವರ ಡೈರಿಯಲ್ಲಿ ಹೊಡೆದುಹಾಕಿ ಮತ್ತೆ ಬರೆದ ದಿನಾಂಕಗಳು ಬೇಕಾದಷ್ಟು ಇರುತ್ತವೆ. ಕಂಬಿಯ ಲಾರಿ ಮೂರು ದಿನ ತಡವಾದರೆ ಅದರ ಹಿಂದಿನ ಹತ್ತು ಕೆಲಸಗಳ ದಿನಾಂಕವೂ ಬದಲಾಗುತ್ತದೆ. ಆ ಲೆಕ್ಕವನ್ನು ಪ್ರತಿಸಲ ಕೈಯಲ್ಲಿ ಮಾಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಪ್ರತಿ ಕೆಲಸಕ್ಕೂ ಒಂದು ಅಡ್ಡಪಟ್ಟಿ ಎಳೆದು ದಿನಾಂಕಗಳ ಮೇಲೆ ಹಾಸುವ ನಕ್ಷೆಗೆ ಗ್ಯಾಂಟ್ ಚಾರ್ಟ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಪೋಲೆಂಡಿನ ಕರೋಲ್ ಅಡಾಮಿಯೆಟ್ಸ್ಕಿ ಅದಕ್ಕೂ ಮೊದಲೇ ಇಂಥದ್ದನ್ನು ರೂಪಿಸಿದ್ದರು. ಕಾಗದದ ಮೇಲಿನ ಪಟ್ಟಿ ತಾನಾಗಿ ಸರಿಯದು. ಎಕ್ಸೆಲ್‌ನಲ್ಲಿ ಸರಿಯುವಂತೆ ಮಾಡಬಹುದು.

ಒಂದು ಮನೆಯ ಮೋಲ್ಡ್ ಕೆಲಸವನ್ನೇ ತೆಗೆದುಕೊಳ್ಳೋಣ. ಸೆಂಟ್ರಿಂಗ್ 2026ರ ಫೆಬ್ರವರಿ 2, ಸೋಮವಾರ ಶುರು. ಆರು ದಿನದ ಕೆಲಸ. ಆಮೇಲೆ ಕಂಬಿ ಕಟ್ಟಲು ನಾಲ್ಕು ದಿನ, ಕಾಂಕ್ರೀಟ್ ಹಾಕಲು ಒಂದು ದಿನ. ನಂತರ ಕಾಯಬೇಕು. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದ ತಾರಸಿಯ ಹರವು 4.5 ಮೀಟರ್ ಮೀರಿದ್ದರೆ ಕನಿಷ್ಠ 14 ದಿನ ಅಡಿಯ ಗಳುಗಳನ್ನು ತೆಗೆಯಬಾರದೆನ್ನುತ್ತದೆ ಐಎಸ್ 456 ಮಾನದಂಡ. ಬಳಿಕ ಸೆಂಟ್ರಿಂಗ್ ಬಿಚ್ಚಲು ಎರಡು ದಿನ, ಗೋಡೆಗೆ ವೈರಿಂಗ್ ಪೈಪು ಕೂರಿಸಲು ಐದು ದಿನ. ಕಿಟಕಿ ಗ್ರಿಲ್ ಬೇರೆ ಕಡೆ ತಯಾರಾಗಿ ಬರುತ್ತದೆ: ಫೆಬ್ರವರಿ 16ರಿಂದ 12 ದಿನ. ಪೈಪು, ಗ್ರಿಲ್ ಎರಡೂ ಮುಗಿದ ಮೇಲೆಯೇ ಪ್ಲಾಸ್ಟರಿಂಗ್.

ಹಾಳೆಯಲ್ಲಿ A ಕಾಲಂಗೆ ಕೆಲಸದ ಹೆಸರು, Bಗೆ ಶುರುವಾಗುವ ದಿನ, Cಗೆ ಎಷ್ಟು ದಿನ, Dಗೆ ಮುಗಿಯುವ ದಿನ. ಎರಡನೇ ಸಾಲಿನಿಂದ ಇದೇ ಕ್ರಮದಲ್ಲಿ ತುಂಬಿದರೆ ಒಂಬತ್ತನೇ ಸಾಲು ಪ್ಲಾಸ್ಟರಿಂಗ್. ಕೈಯಿಂದ ಬರೆಯುವ ದಿನಾಂಕಗಳು ಎರಡೇ: ಸೆಂಟ್ರಿಂಗಿನದು ಮತ್ತು ಗ್ರಿಲ್ಲಿನದು. ಉಳಿದವೆಲ್ಲ ಸೂತ್ರದಿಂದ ಬರಬೇಕು.

```
B3: =WORKDAY.INTL(D2,1,11)
D3: =WORKDAY.INTL(B3-1,C3,11)
B5: =D4+1
D5: =B5+C5-1
B9: =WORKDAY.INTL(MAX(D7,D8),1,11)
```

ಇಲ್ಲಿನ 11 ಎಂದರೆ ಭಾನುವಾರ ಮಾತ್ರ ರಜೆ. B3 ಹೇಳುವುದು ಇಷ್ಟೇ: ಸೆಂಟ್ರಿಂಗ್ ಮುಗಿದ ಮರು ಕೆಲಸದ ದಿನ ಕಂಬಿ ಶುರು. ಐದನೇ ಸಾಲಿನದು ಬೇರೆ ಲೆಕ್ಕ. ಕಾಯುವ ಕೆಲಸ ಕೂಲಿಯವರದಲ್ಲ, ಕಾಂಕ್ರೀಟಿನದು. ಅದು ಭಾನುವಾರವೂ ಗಟ್ಟಿಯಾಗುತ್ತಿರುತ್ತದೆ. ಹಾಗಾಗಿ ಅಲ್ಲಿ ನೇರ ಕೂಡಿಕೆ ಸಾಕು. ಫೆಬ್ರವರಿ 13ರ ಶುಕ್ರವಾರ ಕಾಂಕ್ರೀಟ್ ಹಾಕಿದರೆ 27ಕ್ಕೆ 14 ದಿನ ತುಂಬುತ್ತದೆ. ಮರೆತು ಮೇಲಿನ ಸೂತ್ರವನ್ನೇ ಎಳೆದುಬಿಟ್ಟರೆ ಮಾರ್ಚ್ 2 ಎಂದು ತೋರಿಸುತ್ತದೆ, ಪ್ಲಾಸ್ಟರಿಂಗ್ ಸುಮ್ಮನೆ ಎರಡು ಕೆಲಸದ ದಿನ ಹಿಂದೆ ಬೀಳುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿಯೇ.

ಎಲ್ಲ ಸರಿಯಿದ್ದರೆ ಪ್ಲಾಸ್ಟರಿಂಗ್ ಮಾರ್ಚ್ 9ಕ್ಕೆ ಶುರು. ಈಗ ಕಂಬಿ ತಡವಾಯಿತು, ನಾಲ್ಕು ದಿನದ ಕೆಲಸ ಏಳಾಯಿತು. C3ಯಲ್ಲಿ 4 ಅಳಿಸಿ 7 ಬರೆದರೆ ಸಾಕು. ಕಾಂಕ್ರೀಟ್ 17ಕ್ಕೆ, ಸೆಂಟ್ರಿಂಗ್ ಬಿಚ್ಚುವುದು ಮಾರ್ಚ್ 4ಕ್ಕೆ, ಪ್ಲಾಸ್ಟರಿಂಗ್ ಮಾರ್ಚ್ 12ಕ್ಕೆ ತಾವಾಗಿ ಸರಿಯುತ್ತವೆ. ಗ್ರಿಲ್ ಕದಲುವುದಿಲ್ಲ, ಏಕೆಂದರೆ ಅದಕ್ಕೂ ಕಂಬಿಗೂ ಸಂಬಂಧವಿಲ್ಲ. ಮೊದಲಿನ ಲೆಕ್ಕದಲ್ಲೂ ಗ್ರಿಲ್ಲಿನವರು ಆರು ಕೆಲಸದ ದಿನ ತಡಮಾಡಿದ್ದರೆ ಮನೆಯ ಕೆಲಸ ನಿಲ್ಲುತ್ತಿರಲಿಲ್ಲ. ಯಾರ ಬೆನ್ನು ಹತ್ತಬೇಕು, ಯಾರಿಗೆ ಸಮಯ ಕೊಡಬಹುದು ಎಂಬುದು ಇದರಿಂದ ಕಣ್ಣಿಗೇ ಕಾಣುತ್ತದೆ.

ಚಿತ್ರ ಬರುವುದು ಸ್ಟ್ಯಾಕ್ಡ್ ಬಾರ್ ಚಾರ್ಟಿನಿಂದ. ಶುರುವಿನ ದಿನಾಂಕದ ಪಟ್ಟಿಗೆ ಬಣ್ಣ ತೆಗೆದುಬಿಟ್ಟರೆ ಅದು ಕಾಣುವುದಿಲ್ಲ, ಅದರ ಮುಂದಿನ ತುಂಡು ಮಾತ್ರ ಗಾಳಿಯಲ್ಲಿ ತೇಲಿದಂತೆ ಉಳಿಯುತ್ತದೆ. ಆ ತುಂಡಿನ ಉದ್ದಕ್ಕೆ C ಕಾಲಂ ಕೊಡಬಾರದು. `D-B+1` ಲೆಕ್ಕದ ಇನ್ನೊಂದು ಕಾಲಂ ಬೇಕು. ಮಾರ್ಚ್ 6ರಿಂದ 11ರವರೆಗಿನ ಪೈಪಿನ ಕೆಲಸ ಐದು ದಿನದ್ದಾದರೂ ನಡುವೆ ಭಾನುವಾರ ಇರುವುದರಿಂದ ಕ್ಯಾಲೆಂಡರಿನಲ್ಲಿ ಆರು ದಿನ ಹಿಡಿಯುತ್ತದೆ.

ಸರಪಳಿ ಕಡಿಯುವುದು ಹೆಚ್ಚಾಗಿ ಅವಸರದಲ್ಲಿ. ಎಲೆಕ್ಟ್ರಿಷಿಯನ್ ಬರುವ ದಿನ ಫೋನಿನಲ್ಲಿ ಹೇಳಿದ, ಮಾಲೀಕರು B7ರಲ್ಲಿ ಸೂತ್ರದ ಮೇಲೆಯೇ ದಿನಾಂಕ ಬರೆದರು. ಅಲ್ಲಿಂದಾಚೆ ಹಿಂದಿನ ಕೆಲಸ ಎಷ್ಟೇ ತಡವಾದರೂ ಆ ಸಾಲು ಅಲುಗದು. ಸೆಂಟ್ರಿಂಗ್ ಬಿಚ್ಚುವ ಮೊದಲೇ ಪೈಪು ಕೂರಿಸಿದಂತೆ ಚಾರ್ಟ್ ತೋರಿಸುತ್ತದೆ. ಪರೀಕ್ಷೆ ಸುಲಭ: C2ರ 6ನ್ನು 16 ಮಾಡಿ ನೋಡಬೇಕು. ಗ್ರಿಲ್ ಬಿಟ್ಟು ಯಾವ ಸಾಲು ಸರಿಯಲಿಲ್ಲವೋ ಅಲ್ಲಿ ಸೂತ್ರ ಹೋಗಿದೆ. ನೋಡಿದ ಮೇಲೆ ಮತ್ತೆ 6ಕ್ಕೆ ತರಬೇಕು.

ಈ ಹಾಳೆ ದಿನಾಂಕಗಳನ್ನಷ್ಟೇ ಸರಿಸಬಲ್ಲದು, ಮೇಸ್ತ್ರಿಯನ್ನಲ್ಲ. ಮಾರ್ಚ್ 9ಕ್ಕೆ ಒಪ್ಪಿದ್ದ ಗಾರೆಯವರು 12ಕ್ಕೆ ಬೇರೆ ಮನೆಯಲ್ಲಿರಬಹುದು. ಪಟ್ಟಿ ಸರಿದ ಸಂಜೆಯೇ ಅವರಿಗೊಂದು ಫೋನ್ ಮಾಡಿಬಿಡಿ.