ಪಿಜಿಯ ವೈಫೈ ಕೈಕೊಟ್ಟಾಗ ಮಾಲೀಕರಿಗೆ ಬರೆಯುವ ಪತ್ರ

ಪಿಜಿಯಲ್ಲಿ ವೈಫೈ ಕೈಕೊಟ್ಟರೆ ಮಾಲೀಕರಿಗೆ ಸಾಮಾನ್ಯವಾಗಿ ಹೋಗುವ ಸಂದೇಶ ‘ನೆಟ್ ಬರ್ತಿಲ್ಲ’ ಎಂಬುದಷ್ಟೇ. ರೂಟರನ್ನು ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ, ಮತ್ತೆ ಅದೇ ಕಥೆ. ಶಾಶ್ವತ ಪರಿಹಾರ ಕೇಳುವ ಪತ್ರದಲ್ಲಿ ದೋಷ ಎಲ್ಲಿದೆ ಎಂಬುದು ಸ್ಪಷ್ಟವಾಗಿರಬೇಕು. ಹೊರಗಿನ ಫೈಬರ್ ಲೈನ್ ಕೆಟ್ಟಿದ್ದರೆ ಮಾಲೀಕರು ಇಂಟರ್ನೆಟ್ ಕಂಪನಿಗೆ ದೂರು ಕೊಡಬೇಕು. ಕಟ್ಟಡದೊಳಗೆ ಸಿಗ್ನಲ್ ಸಾಲದಿದ್ದರೆ ಅವರೇ ಉಪಕರಣ ಹಾಕಿಸಬೇಕು.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಲೈನಿನ ಬೆಳಕು ಒಳಗೆ ಬರುತ್ತಿಲ್ಲ ಎಂದರ್ಥ. ದೀಪಗಳೆಲ್ಲ ಸರಿಯಿದ್ದೂ ನೆಟ್ ತಡವರಿಸಿದರೆ, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಈ ಆದೇಶ ಕೊಡಬಹುದು:

```
ping -n 20 192.168.1.1
```

ಇದು ರೂಟರಿಗೇ 20 ಪುಟ್ಟ ಸಂದೇಶ ಕಳಿಸಿ, ಎಷ್ಟಕ್ಕೆ ಉತ್ತರ ಬಂತೆಂದು ತೋರಿಸುತ್ತದೆ. ಕೆಲವು ರೂಟರುಗಳ ವಿಳಾಸ ಬೇರೆ ಇರುತ್ತದೆ. ಅದು ವೈಫೈ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ.

ಬೆಂಗಳೂರಿನ ನಾಲ್ಕು ಅಂತಸ್ತಿನ ಪಿಜಿಯೊಂದನ್ನು ಊಹಿಸಿಕೊಳ್ಳಬಹುದು. ಇರುವ ಒಂದೇ ರೂಟರು ನೆಲಮಹಡಿಯ ಆಫೀಸಿನಲ್ಲಿದೆ. ರಾತ್ರಿ 9ಕ್ಕೆ ಮೂರನೇ ಮಹಡಿಯಲ್ಲಿ 20ರಲ್ಲಿ 7 ಸಂದೇಶ ಕಳೆದುಹೋಗುತ್ತವೆ. ಅದೇ ಹೊತ್ತಿಗೆ ರೂಟರಿನ ಪಕ್ಕ ಒಂದೂ ಕಳೆಯುವುದಿಲ್ಲ, ಯೂಟ್ಯೂಬ್ ಕೂಡ ಸರಾಗವಾಗಿ ಓಡುತ್ತದೆ. ಲೈನ್ ಚೆನ್ನಾಗಿದೆ, ಕಾಂಕ್ರೀಟ್ ತಾರಸಿಗಳನ್ನು ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತಿದೆ ಎಂಬುದು ಇದರಿಂದ ತಿಳಿಯುತ್ತದೆ. ಇಲ್ಲಿ ಹೆಚ್ಚು ವೇಗದ ಪ್ಲಾನ್ ಕೊಂಡರೂ ಫಲವಿಲ್ಲ. ಪತ್ರ ಹೀಗಿರಬಹುದು:

“ಸರ್, ನಮಸ್ಕಾರ. ಎರಡು ವಾರದಿಂದ ಮೂರನೇ ಮಹಡಿಯ ರೂಮುಗಳಲ್ಲಿ ರಾತ್ರಿ 9ರಿಂದ 11ರವರೆಗೆ ವೈಫೈ ಪದೇ ಪದೇ ಕಡಿತವಾಗುತ್ತಿದೆ. ದಿನಾಂಕ, ಸಮಯ ಮತ್ತು ಪರೀಕ್ಷೆಯ ಸ್ಕ್ರೀನ್‌ಶಾಟ್‌ಗಳನ್ನು ಜೊತೆಗಿಟ್ಟಿದ್ದೇವೆ. ಆಫೀಸಿನ ಹತ್ತಿರ ನೆಟ್ ಸರಿಯಾಗಿದೆ, ಮೇಲೆ ಸಿಗ್ನಲ್ ಸಾಲುತ್ತಿಲ್ಲ. ರೂಟರ್ ರೀಸ್ಟಾರ್ಟ್ ಮಾಡಿದರೂ ನಿಂತಿಲ್ಲ. ರೂಟರಿನಿಂದ ಕೇಬಲ್ ಎಳೆಸಿ ಮೇಲೊಂದು ಆಕ್ಸೆಸ್ ಪಾಯಿಂಟ್ ಹಾಕಿಸಿಕೊಡಬೇಕೆಂದು ವಿನಂತಿ. ಟೆಕ್ನಿಷಿಯನ್ ಯಾವತ್ತು ಬರುತ್ತಾರೆಂದು ಈ ಭಾನುವಾರದೊಳಗೆ ತಿಳಿಸಿದರೆ ಅನುಕೂಲ. — ಮೂರನೇ ಮಹಡಿಯ ನಿವಾಸಿಗಳು”

ಕೇಬಲ್ ಎಂದು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಅಗ್ಗದ ರಿಪೀಟರು ರೂಟರಿನ ಸಿಗ್ನಲನ್ನೇ ಗಾಳಿಯಲ್ಲಿ ಹಿಡಿದು ಮತ್ತೆ ಬಿತ್ತರಿಸುತ್ತದೆ. ಎರಡೂ ಕೆಲಸ ಒಂದೇ ಚಾನೆಲ್ಲಿನಲ್ಲಿ ನಡೆದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಕೇಬಲ್ಲಿನ ಆಕ್ಸೆಸ್ ಪಾಯಿಂಟಿಗೆ ಆ ನಷ್ಟವಿಲ್ಲ. ಕರೆಂಟ್ ಹೋದಾಗಲೆಲ್ಲ ನೆಟ್ ನಿಲ್ಲುವ ಕಟ್ಟಡದಲ್ಲಾದರೆ ಕೇಳಬೇಕಾದದ್ದು ಫೈಬರ್ ಪೆಟ್ಟಿಗೆ ಮತ್ತು ರೂಟರಿಗೆ ಯುಪಿಎಸ್.

ಬಾಯಿಮಾತಿಗಿಂತ ವಾಟ್ಸ್ಆ್ಯಪ್ ಅಥವಾ ಇಮೇಲ್ ಒಳ್ಳೆಯದು. ತಾರೀಖು ದಾಖಲಾಗುತ್ತದೆ, ಮಾಲೀಕರು ಅದನ್ನೇ ಟೆಕ್ನಿಷಿಯನ್‌ಗೆ ಕಳಿಸಬಹುದು. ಕೆಲಸ ಮುಗಿದ ಮೇಲೆ ಅದೇ ರೂಮಿನಲ್ಲಿ, ರಾತ್ರಿ ಅದೇ ಹೊತ್ತಿಗೆ ಪರೀಕ್ಷೆ ಮತ್ತೊಮ್ಮೆ ನಡೆಯಬೇಕು. ಹಗಲಲ್ಲಿ ಬಳಕೆದಾರರು ಕಡಿಮೆಯಿರುವುದರಿಂದ ಆಗಿನ ಫಲಿತಾಂಶವನ್ನು ನಂಬಲಾಗದು.